ಬಿಪಿ ಏರಿದ ಗರ್ಭಿಣಿಯೊಂದಿಗೆ ಕಳುಹಿಸುವ ರೆಫರಲ್ ಚೀಟಿ: ಇದರಲ್ಲಿ ಏನು ಸಾಲದು?

ಉಪಕೇಂದ್ರದ ಸಿಸ್ಟರ್

ಕಲ್ಯಾಣ ಕರ್ನಾಟಕದ ಒಂದು ಉಪಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಈ ತಿಂಗಳ ಸಭೆಯಲ್ಲಿ ಹೊಸದಾಗಿ ಸೇರಿದ ಸಿಸ್ಟರ್‌ಗಳಿಗೆ ರೆಫರಲ್ ಚೀಟಿ ಬರೆಯುವುದನ್ನು ಹೇಳಿಕೊಡಬೇಕೆಂದು ನಮ್ಮ ವೈದ್ಯಾಧಿಕಾರಿಗಳು ನನಗೆ ಸೂಚಿಸಿದ್ದಾರೆ. ನಮ್ಮ ಭಾಗದಲ್ಲಿ ಹಳೆಯ ಪುಸ್ತಕಗಳನ್ನು ತಿರುವಿ ಹಾಕಿದರೆ ಹೆಚ್ಚುಕಡಿಮೆ ಎಲ್ಲ ಚೀಟಿಗಳೂ ಹೀಗೆಯೇ ಇವೆ:

> ವೈದ್ಯಾಧಿಕಾರಿಗಳು, ತಾಲ್ಲೂಕು ಆಸ್ಪತ್ರೆ, ಇವರಿಗೆ. ಚೊಚ್ಚಲ ಗರ್ಭಿಣಿ, 22 ವರ್ಷ, ಎಂಟನೇ ತಿಂಗಳು. ಬಿಪಿ ಹೆಚ್ಚಾಗಿದೆ. ತಲೆನೋವು, ಕೈಕಾಲು ಊತ ಇದೆ. ಮೂತ್ರದಲ್ಲಿ ಅಲ್ಬುಮಿನ್ ಇದೆ. ಇಂಜೆಕ್ಷನ್ ಕೊಡಲಾಗಿದೆ. ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ.

ಇದನ್ನೇ ಮಾದರಿಯೆಂದು ಕೊಡಲು ನನಗೆ ಮನಸ್ಸಿಲ್ಲ. ಚೀಟಿ ಬರೆಯುವ ನಾವು ಬಹಳ ಜನ ಇದ್ದೇವೆ, ಅದನ್ನು ಕೈಗೆ ತೆಗೆದುಕೊಂಡು ಓದುವವರ ಮಾತನ್ನು ನಾವು ಕೇಳುವುದೇ ಇಲ್ಲ. ಹೆರಿಗೆ ವಾರ್ಡಿನಲ್ಲಿ ಇರುವವರು ಯಾರಾದರೂ ಹೇಳಿ: ಈ ಚೀಟಿ ಹಿಡಿದು ಆ ಹುಡುಗಿ ನಿಮ್ಮ ಬಾಗಿಲಿಗೆ ಬಂದರೆ ನಿಮಗೆ ಏನು ಗೊತ್ತಾಗುವುದಿಲ್ಲ?

ನಿವೃತ್ತ ಆರೋಗ್ಯ ನಿರೀಕ್ಷಕ

ಸಿಸ್ಟರ್, ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ನಾನು ಇಲಾಖೆಯಲ್ಲಿ ಇದ್ದಾಗ ಒಂದೇ ಮಾತು ಹೇಳುತ್ತಿದ್ದೆ: ದಿನಾಂಕ, ಸಮಯ, ಸಹಿ. ಈ ಮೂರು ಇಲ್ಲದ ಚೀಟಿ ಹರಿದು ಹಾಕುವುದಕ್ಕೆ ಲಾಯಕ್ಕು. ಇನ್ನೊಂದು, ನಕಲು ನಿಮ್ಮ ಬಳಿ ಇರಬೇಕು. ನಾಳೆ ಏನಾದರೂ ಆದರೆ ನೀವು ಎಷ್ಟು ಗಂಟೆಗೆ ಕಳುಹಿಸಿದಿರಿ ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ.

ಚಿಕಿತ್ಸೆಯ ವಿಷಯದಲ್ಲಿ ಹೇಳುವುದಾದರೆ, ಬಿಪಿ ಅಷ್ಟು ಏರಿದ್ದರೆ ನಿಫೆಡಿಪಿನ್ ಕ್ಯಾಪ್ಸೂಲಿಗೆ ಸೂಜಿ ಚುಚ್ಚಿ ನಾಲಿಗೆಯ ಕೆಳಗೆ ಹಿಂಡಿದರೆ ಹತ್ತು ನಿಮಿಷದಲ್ಲಿ ಇಳಿಯುತ್ತದೆ. ಅದನ್ನು ಮಾಡಿ ಕಳುಹಿಸಿ. ಮ್ಯಾಗ್‌ಸಲ್ಫ್ ಮಾತ್ರ ಉಪಕೇಂದ್ರದಲ್ಲಿ ಮುಟ್ಟಬೇಡಿ. ಉಸಿರಾಟ ನಿಂತುಹೋಗುವ ಔಷಧ ಅದು. ವೈದ್ಯರು ಇರುವ ಕಡೆಯೇ ಕೊಡಬೇಕು.

ಹೆರಿಗೆ ವಾರ್ಡ್ ವೈದ್ಯೆ

ನಾನು ತಾಲ್ಲೂಕು ಮಟ್ಟದ ಆಸ್ಪತ್ರೆಯೊಂದರಲ್ಲಿ ಪ್ರಸೂತಿ ತಜ್ಞೆ. ಸಿಸ್ಟರ್ ಅವರ ಚೀಟಿಗೆ ಬರುವ ಮೊದಲು ಹಿರಿಯರ ಎರಡು ಮಾತುಗಳಿಗೆ ಉತ್ತರ ಹೇಳಬೇಕಾಗಿದೆ, ಏಕೆಂದರೆ ಇದನ್ನು ಓದಿ ಯಾರಾದರೂ ನಾಳೆಯೇ ಹಾಗೆ ಮಾಡಿಯಾರು.

ನಾಲಿಗೆಯ ಕೆಳಗೆ ನಿಫೆಡಿಪಿನ್ ಹಿಂಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಬಿಪಿ ಬೇಗ ಇಳಿಯುತ್ತದೆ ಎಂಬುದು ನಿಜ, ತೊಂದರೆಯೂ ಅದೇ. ಒಮ್ಮೆಲೇ ಕುಸಿದರೆ ಮಾಸಿನ ಕಡೆಗೆ ಹೋಗುವ ರಕ್ತ ಕಡಿಮೆಯಾಗಿ ಮಗು ಒದ್ದಾಡುತ್ತದೆ. ಕೊಡುವುದಾದರೆ ಮಾತ್ರೆಯನ್ನು ನೀರಿನೊಂದಿಗೆ ನುಂಗಿಸಬೇಕು. ಅದೂ ವೈದ್ಯಾಧಿಕಾರಿಗಳಿಗೆ ಫೋನ್ ಮಾಡಿ ಕೇಳಿದ ಮೇಲೆ. 160/110 ಇದ್ದವಳನ್ನು 120/80ಕ್ಕೆ ತರುವುದು ನಮ್ಮ ಉದ್ದೇಶವಲ್ಲ, 140ರಿಂದ 150ರ ಆಸುಪಾಸಿಗೆ ಬಂದರೆ ಸಾಕು.

ಮ್ಯಾಗ್‌ಸಲ್ಫ್ ವಿಷಯದಲ್ಲಿ ಅವರು ಹೇಳುವುದು ಅವರ ಕಾಲದ ನಿಯಮ. ಕೇಂದ್ರ ಸರ್ಕಾರದ 2010ರ ಮಾರ್ಗಸೂಚಿಯ ಪ್ರಕಾರ ಎಎನ್‌ಎಂ ಮೊದಲ ಡೋಸ್ ಕೊಟ್ಟೇ ಕಳುಹಿಸಬಹುದು: ಒಟ್ಟು 10 ಗ್ರಾಂ, ಎರಡೂ ಪಿರ್ರೆಗಳಿಗೆ ಐದೈದು ಗ್ರಾಂ, ಸ್ನಾಯುವಿನ ಆಳಕ್ಕೆ. ಸ್ನಾಯುವಿಗೆ ಕೊಟ್ಟ ಆ ಒಂದು ಡೋಸಿನಿಂದ ಉಸಿರು ನಿಲ್ಲುವ ಅಪಾಯ ಬಹಳ ಕಡಿಮೆ. ಕೊಡದೆ ಕಳುಹಿಸಿ, ದಾರಿಯಲ್ಲಿ ಫಿಟ್ಸ್ ಬಂದರೆ ಆಗುವ ಅಪಾಯ ಅದಕ್ಕಿಂತ ಎಷ್ಟೋ ದೊಡ್ಡದು.

ಉಸಿರಿಗೆ ತೊಂದರೆ ಬರುವುದು ಬೇರೆ ಕಡೆಯಿಂದ, ಮತ್ತು ಅದು ನೇರವಾಗಿ ಈ ಚೀಟಿಗೆ ಸಂಬಂಧಪಟ್ಟದ್ದು. “ಇಂಜೆಕ್ಷನ್ ಕೊಡಲಾಗಿದೆ” ಎಂದು ಬರೆದಿದ್ದಾರೆ. ಯಾವ ಇಂಜೆಕ್ಷನ್? ಮ್ಯಾಗ್‌ಸಲ್ಫ್ ಇರಬಹುದು, ಡೆಕ್ಸಾ ಇರಬಹುದು, ಟಿಟಿಯೂ ಇರಬಹುದು. ನನ್ನ ಮುಂದೆ ಮಲಗಿರುವವಳು ಮಂಪರಿನಲ್ಲಿದ್ದಾಳೆ, ಜೊತೆಗೆ ಬಂದ ಅತ್ತೆ “ಎರಡೂ ಕಡೆ ಸೂಜಿ ಹಾಕಿದರು” ಎನ್ನುತ್ತಾರೆ. ಮ್ಯಾಗ್‌ಸಲ್ಫ್ ಕೊಟ್ಟಿಲ್ಲವೆಂದುಕೊಂಡು ನಾನು ಪೂರ್ತಿ ಡೋಸ್ ಕೊಟ್ಟೆ ಎಂದುಕೊಳ್ಳಿ. ನಿಜಕ್ಕೂ ನೀವು ಆಗಲೇ ಕೊಟ್ಟಿದ್ದರೆ ಅವಳ ಮೈಯಲ್ಲಿ ಈಗ ಎರಡರಷ್ಟು. ಮೊದಲು ಮೊಣಕಾಲಿನ ಪ್ರತಿಕ್ರಿಯೆ ಹೋಗುತ್ತದೆ, ಅದನ್ನು ಗಮನಿಸದಿದ್ದರೆ ಆಮೇಲೆ ಉಸಿರು ನಿಧಾನವಾಗುತ್ತದೆ. ಕೊಟ್ಟಿದ್ದಾರೆ ಎಂದು ನಂಬಿ ನಾನು ಸುಮ್ಮನಿದ್ದು, ನಿಜಕ್ಕೂ ಕೊಟ್ಟಿರದಿದ್ದರೆ ಅರ್ಧ ಗಂಟೆಯಲ್ಲಿ ಫಿಟ್ಸ್. ಎರಡೂ ದಾರಿ ಕೆಟ್ಟವೇ. ಚೀಟಿಯ ಒಂದು ಸಾಲು ಇದನ್ನು ತಪ್ಪಿಸುತ್ತದೆ.

ಆ ಸಾಲಿನಲ್ಲಿ ನನಗೆ ಬೇಕಾದದ್ದು: ಔಷಧದ ಹೆಸರು, ಎಷ್ಟು ಗ್ರಾಂ, ಎಲ್ಲಿಗೆ, ಎಷ್ಟು ಗಂಟೆಗೆ. ಗಂಟೆ ಏಕೆಂದರೆ ಮುಂದಿನ 5 ಗ್ರಾಂ ನಾಲ್ಕು ಗಂಟೆಯ ನಂತರ ಕೊಡುವುದು. ನಾಲ್ಕು ಗಂಟೆಯನ್ನು ಅವಳು ನಮ್ಮಲ್ಲಿಗೆ ಬಂದ ಹೊತ್ತಿನಿಂದ ಎಣಿಸುವುದಲ್ಲ, ನೀವು ಸೂಜಿ ಹಾಕಿದ ಹೊತ್ತಿನಿಂದ ಎಣಿಸುವುದು. ಮತ್ತೆ ದಯವಿಟ್ಟು ಗ್ರಾಂನಲ್ಲಿಯೇ ಬರೆಯಿರಿ. “ಹತ್ತು ಆಂಪೂಲ್” ಎಂದರೆ ನಾನು ಊಹಿಸಬೇಕಾಗುತ್ತದೆ. ಸಾಮಾನ್ಯವಾಗಿ ಬರುವ 50 ಪ್ರತಿಶತದ 2 ಎಂಎಲ್ ಆಂಪೂಲಿನಲ್ಲಿ 1 ಗ್ರಾಂ ಇರುತ್ತದೆ, ಆದರೆ ಅದರ ಅರ್ಧ ಸಾಂದ್ರತೆಯ ಆಂಪೂಲುಗಳೂ ಬರುತ್ತವೆ.

ನಿವೃತ್ತ ಆರೋಗ್ಯ ನಿರೀಕ್ಷಕ

ಮೇಡಂ, ನನ್ನ ಕಾಲದಲ್ಲಿ ಜಿಲ್ಲಾಸ್ಪತ್ರೆಯ ದೊಡ್ಡ ವೈದ್ಯರೇ ನಾಲಿಗೆಯ ಕೆಳಗೆ ಹಿಂಡುತ್ತಿದ್ದರು. ಬದಲಾಗಿದ್ದರೆ ಬದಲಾಗಲಿ. ಆದರೆ ಡೋಸ್ ಕೊಡುವುದಕ್ಕೆ ಉಪಕೇಂದ್ರದಲ್ಲಿ ಔಷಧ ಇರಬೇಕಲ್ಲ? ಇದ್ದರೂ ಅವಧಿ ಮುಗಿದಿರಬಾರದಲ್ಲ? ಅದನ್ನೂ ಸಭೆಯಲ್ಲಿ ಹೇಳಿ.

ಬೀದರ್ ಕಡೆಯವನು

ನನಗೂ ಇದೇ ಚೀಟಿಯ ಸಮಸ್ಯೆ. ನಮ್ಮ ತಂಗಿಯ ಗರ್ಭಕೋಶದ ಆಪರೇಷನ್‌ಗೆ ಖಾಸಗಿ ಆಸ್ಪತ್ರೆಯವರು ಆಯುಷ್ಮಾನ್ ಕಾರ್ಡ್ ನಡೆಯಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ತನ್ನಿ ಎನ್ನುತ್ತಿದ್ದಾರೆ. ಉಪಕೇಂದ್ರದ ಸಿಸ್ಟರ್ ಬರೆದುಕೊಟ್ಟರೆ ನಡೆಯುತ್ತದೆಯೇ? ಬಿಪಿಎಲ್ ಕಾರ್ಡ್ ಇದೆ.

ಉಪಕೇಂದ್ರದ ಸಿಸ್ಟರ್

ಅಣ್ಣಾ, ಅದು ಬೇರೆ ಪತ್ರ. ಯೋಜನೆಯ ಹಣಕ್ಕಾಗಿ ಸರ್ಕಾರಿ ಆಸ್ಪತ್ರೆಯ ವೈದ್ಯರು ಕೊಡುವಂಥದ್ದು, ನನ್ನ ಸಹಿಗೆ ಅಲ್ಲಿ ಬೆಲೆ ಇಲ್ಲ. ತಾಲ್ಲೂಕು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ ಅಥವಾ 104ಕ್ಕೆ ಫೋನ್ ಮಾಡಿ. ಇಲ್ಲಿ ನಾವು ಮಾತನಾಡುತ್ತಿರುವ ಚೀಟಿ ಜೀವಕ್ಕೆ ಅಪಾಯ ಇರುವಾಗ ಬರೆಯುವುದು. ಅದು ಇಲ್ಲದಿದ್ದರೂ ಆಸ್ಪತ್ರೆಯವರು ಸೇರಿಸಿಕೊಳ್ಳಲೇಬೇಕು.

ವೈದ್ಯೆ ಮೇಡಂ, ಇಂಜೆಕ್ಷನ್ ಮಾತು ಚೆನ್ನಾಗಿ ಅರ್ಥವಾಯಿತು. ಬಿಪಿಯ ಅಂಕಿ ಬರೆಯಬೇಕು ಎಂಬುದೂ ಗೊತ್ತು. ಉಳಿದದ್ದರಲ್ಲಿ ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ?

ಹೆರಿಗೆ ವಾರ್ಡ್ ವೈದ್ಯೆ

ವಾರಕ್ಕೆ. “ಎಂಟನೇ ತಿಂಗಳು” ಎಂದರೆ 30 ವಾರವೂ ಆಗಬಹುದು, 35 ವಾರವೂ ಆಗಬಹುದು. ಈ ಕಾಯಿಲೆ ಕೊನೆಗೆ ವಾಸಿಯಾಗುವುದು ಹೆರಿಗೆಯಿಂದಲೇ. ಹಾಗಾಗಿ ನಾನು ಮೊದಲ ಹತ್ತು ನಿಮಿಷದಲ್ಲಿ ಯೋಚಿಸುವುದು ಇಂದೇ ಹೆರಿಗೆ ಮಾಡಿಸಬೇಕೆ, ಎರಡು ದಿನ ತಡೆಯಬಹುದೆ ಎಂದು. ಅದು ನಿಂತಿರುವುದು ವಾರದ ಮೇಲೆ. 34 ವಾರದ ಒಳಗಾದರೆ ಮಗುವಿನ ಶ್ವಾಸಕೋಶ ಬಲಿಯಲು ಡೆಕ್ಸಾಮೆಥಾಸೋನ್ ಬೇಕು. 6 ಮಿಲಿಗ್ರಾಂನಂತೆ 12 ಗಂಟೆಗೊಮ್ಮೆ ನಾಲ್ಕು ಸಲ. ಅದರ ಮೊದಲ ಡೋಸನ್ನು ನೀವೇ ಕೊಟ್ಟಿದ್ದರೆ ಅದರ ಗಂಟೆಯೂ ಬೇಕು. ಕೊನೆಯ ಮುಟ್ಟಿನ ದಿನಾಂಕ ತಾಯಿ ಕಾರ್ಡಿನಲ್ಲಿ ಇರುತ್ತದೆ ಎಂದು ಬಿಟ್ಟುಬಿಡಬೇಡಿ. ಕಾರ್ಡ್ ಮನೆಯಲ್ಲೇ ಉಳಿದು ಬಂದವರು ಎಷ್ಟೋ ಜನ.

ಎರಡನೆಯದು, ಹಿಂದಿನ ಬಿಪಿಗಳು. 12ನೇ ವಾರದಲ್ಲಿ 110/70 ಇದ್ದವಳು ಈಗ 166/112 ಎಂದರೆ ಒಂದು ಕಥೆ. ಮೊದಲಿನಿಂದಲೂ 140ರ ಮೇಲೆ ಇದ್ದವಳು ಎಂದರೆ ಇನ್ನೊಂದು ಕಥೆ. ಕಾರ್ಡಿನಿಂದ ಮೂರು ಅಂಕಿ ಎತ್ತಿ ಬರೆದರೆ ಸಾಕು.

ಮೂರನೆಯದು, ಇಲ್ಲದ್ದನ್ನೂ ಬರೆಯಿರಿ. ಫಿಟ್ಸ್ ಬಂದಿಲ್ಲ, ರಕ್ತಸ್ರಾವ ಇಲ್ಲ, ಹೆರಿಗೆ ನೋವಿಲ್ಲ, ಮಗುವಿನ ಚಲನೆ ಇದೆ. ಬರೆಯದೆ ಬಿಟ್ಟರೆ ಅವು ಇರಲಿಲ್ಲವೋ ನೀವು ಕೇಳಲಿಲ್ಲವೋ ನನಗೆ ಗೊತ್ತಾಗುವುದಿಲ್ಲ. ಮೇಲುಹೊಟ್ಟೆಯ ನೋವನ್ನಂತೂ ಬಿಡದೆ ಕೇಳಿ. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಎಂದರೆ ಮನೆಯವರು ಗ್ಯಾಸ್ಟ್ರಿಕ್ ಎನ್ನುತ್ತಾರೆ, ಅಂಗಡಿಯ ಮಾತ್ರೆಯನ್ನೂ ನುಂಗಿಸಿರುತ್ತಾರೆ. ಇಷ್ಟು ಬಿಪಿಯ ಜೊತೆ ಆ ನೋವು ಇದ್ದರೆ ನಾನು ಯಕೃತ್ತಿನ ಕಡೆ ನೋಡುತ್ತೇನೆ, ಪ್ಲೇಟ್‌ಲೆಟ್ ಎಣಿಸಲು ರಕ್ತ ಮೊದಲೇ ಕಳುಹಿಸುತ್ತೇನೆ. ಪ್ಲೇಟ್‌ಲೆಟ್ ತೀರಾ ಕಡಿಮೆ ಇದ್ದರೆ ಬೆನ್ನಿಗೆ ಅರಿವಳಿಕೆ ಕೊಡಲೂ ಆಗುವುದಿಲ್ಲ.

ಊತಕ್ಕೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಸಂಜೆಗೆ ಕಾಲು ಊದಿಕೊಳ್ಳುವುದು ಎಷ್ಟೋ ಬಸುರಿಯರಿಗೆ ಇರುತ್ತದೆ. ಬೆಳಿಗ್ಗೆ ಏಳುವಾಗಲೇ ಮುಖ ಊದಿದೆ, ಬಳೆ ಉಂಗುರ ಬಿಗಿಯಾಗಿವೆ ಎಂದರೆ ಬರೆಯಿರಿ.

ಆಶಾ ಅಕ್ಕ

ನಾನು ಆಶಾ ಕಾರ್ಯಕರ್ತೆ. ಡಾಕ್ಟರ್ ಮೇಡಂ ಹೇಳಿದ್ದೆಲ್ಲ ಸರಿ, ಆದರೆ ಚೀಟಿ ಅವರ ಕೈಗೆ ಸೇರಿದರೆ ತಾನೇ ಓದುವುದು? ನಾನು ನೋಡಿರುವುದನ್ನು ಹೇಳುತ್ತೇನೆ. ಚೀಟಿಯನ್ನು ಅತ್ತೆಯ ಕೈಗೆ ಕೊಟ್ಟರೆ ಅವರು ಅದನ್ನು ಮಡಚಿ ದುಡ್ಡಿನ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ಯಾರಾದರೂ ಕೇಳುವವರೆಗೆ ಅದು ಹೊರಗೆ ಬರುವುದಿಲ್ಲ. ಹೆರಿಗೆ ವಾರ್ಡಿನೊಳಗೆ ಅತ್ತೆಯನ್ನು ಬಿಡುವುದಿಲ್ಲ, ಚೀಟಿ ಹೊರಗಡೆ ಬೆಂಚಿನ ಮೇಲೆ ಕುಳಿತಿರುತ್ತದೆ!

ಅದಕ್ಕೆ ನಾನು ತಾಯಿ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಚೀಟಿಯನ್ನು ಹೊರಗೆ ಕಾಣುವಂತೆ ಇಡುತ್ತೇನೆ. 108 ಗಾಡಿಯೊಳಗಿನ ಸಿಬ್ಬಂದಿಗೆ ತೋರಿಸಿಯೇ ಹತ್ತಿಸುತ್ತೇನೆ. ನಾನೇ ಜೊತೆಗೆ ಹೋದರೆ ಚೀಟಿ ನನ್ನ ಕೈಯಲ್ಲೇ ಇರುತ್ತದೆ.

ಇನ್ನೊಂದು ವಿಷಯ. ಮನೆಯವರಿಗೆ ಓದಲು ಒಂದೆರಡು ಸಾಲು ಕನ್ನಡದಲ್ಲಿ ಬೇರೆಯಾಗಿ ಬರೆದುಕೊಡಿ ಸಿಸ್ಟರ್. “ಬಿಪಿ ಇದೆ” ಎಂದರೆ ನಮ್ಮ ಕಡೆ ಯಾರೂ ಹೆದರುವುದಿಲ್ಲ, ಮಾವನಿಗೂ ಬಿಪಿ ಇದೆ, ಮಾತ್ರೆ ನುಂಗಿ ಹೊಲಕ್ಕೆ ಹೋಗುತ್ತಾರೆ. ಹುಡುಗಿ ನಡೆದಾಡುತ್ತಿದ್ದಾಳೆ, ಮಾತನಾಡುತ್ತಿದ್ದಾಳೆ, ಏಕೆ ಹೋಗಬೇಕು, ಅಮಾವಾಸ್ಯೆ ಕಳೆಯಲಿ ಎನ್ನುತ್ತಾರೆ. ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು. ಇದನ್ನೆಲ್ಲ ಮಾಡಬೇಡಿ, ಎಡ ಮಗ್ಗುಲಿಗೆ ಮಲಗಿಸಿ ಎಂದು ಬರೆದಿದ್ದರೆ ಯಾರಾದರೂ ಒಬ್ಬ ಓದಿದ ಹುಡುಗ ಓದಿ ಹೇಳುತ್ತಾನೆ.

108ರಲ್ಲಿ ಇರುವವನು

ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸಾ ಸಿಬ್ಬಂದಿಯಾಗಿದ್ದೇನೆ. ಅಕ್ಕ ಹೇಳಿದಂತೆ ಚೀಟಿ ನಮಗೂ ತೋರಿಸಿ. ಮ್ಯಾಗ್‌ಸಲ್ಫ್ ಕೊಟ್ಟಿದ್ದು ಗೊತ್ತಿದ್ದರೆ ನಾವು ದಾರಿಯುದ್ದಕ್ಕೂ ಉಸಿರನ್ನು ಎಣಿಸುತ್ತೇವೆ. ಆಮ್ಲಜನಕ, ಹೀರುವ ಯಂತ್ರ ಕೈಗೆ ಸಿಗುವಂತೆ ಇಟ್ಟುಕೊಳ್ಳುತ್ತೇವೆ. ದಾರಿಯಲ್ಲಿ ನೋಡಿದ ಬಿಪಿಯನ್ನು ಅದೇ ಚೀಟಿಯ ಹಿಂಬದಿಯಲ್ಲಿ ಸಮಯದೊಂದಿಗೆ ಬರೆದರೆ ವಾರ್ಡಿನವರಿಗೂ ಅನುಕೂಲ.

ನನ್ನ ಕೋರಿಕೆ ಒಂದೇ. ಎಲ್ಲಿಗೆ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. “ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆ” ಎಂದು ಬರೆದ ಚೀಟಿಗಳು ಬರುತ್ತವೆ. ಅದನ್ನು ನಾನು ಗಾಡಿಯಲ್ಲಿ ನಿಂತು ನಿರ್ಧರಿಸಬೇಕೆ? ನಮಗೆ ಹತ್ತಿರದ ಸೂಕ್ತ ಆಸ್ಪತ್ರೆಗೆ ಒಯ್ಯಬೇಕೆಂಬ ನಿಯಮ ಇದೆ. ಆಸ್ಪತ್ರೆಯ ಹೆಸರು, ಅಲ್ಲಿ ಫೋನಿನಲ್ಲಿ ಒಪ್ಪಿಕೊಂಡವರು ಯಾರು, ಎಷ್ಟು ಗಂಟೆಗೆ ಒಪ್ಪಿಕೊಂಡರು ಎಂದು ಚೀಟಿಯಲ್ಲಿದ್ದರೆ ಗೇಟಿನಲ್ಲಿ ವಾದ ಮಾಡುವುದು ತಪ್ಪುತ್ತದೆ.

ಗಾರೆ ಕೆಲಸದವನು, ಬೆಂಗಳೂರು

ಇಲ್ಲಿ ಬರೆಯಬೇಕೋ ಬೇಡವೋ ಎಂದುಕೊಂಡೆ. ನನ್ನ ಹೆಂಡತಿ ತವರಿನಲ್ಲಿ ಇದ್ದಳು, ನಾನು ಬೆಂಗಳೂರಿನಲ್ಲಿ. ಎಂಟು ತುಂಬುವ ಮೊದಲೇ ರಕ್ತ ಹೋಗಲು ಶುರುವಾಯಿತು, ನೋವು ಇರಲಿಲ್ಲ. ಒಂದು ಆಸ್ಪತ್ರೆಯಿಂದ ಇನ್ನೊಂದು, ಅಲ್ಲಿಂದ ಮತ್ತೊಂದು. ಪ್ರತಿಯೊಂದು ಕಡೆಯೂ ಚೀಟಿ ಕೊಟ್ಟರು. ಮೂರನೆಯ ಕಡೆ ಹೋದಾಗ ಎರಡನೆಯವರ ಚೀಟಿ ಮಾತ್ರ ಇತ್ತು, ಮೊದಲನೆಯದನ್ನು ಎರಡನೆಯವರೇ ಇಟ್ಟುಕೊಂಡಿದ್ದರು. ಸ್ಕ್ಯಾನಿಂಗ್‌ನಲ್ಲಿ ಮಾಸು ಕೆಳಗಿದೆ ಎಂದು ಮೊದಲ ಆಸ್ಪತ್ರೆಯವರೇ ನೋಡಿದ್ದರಂತೆ. ಆ ಮಾತು ಮೂರನೆಯವರಿಗೆ ತಲುಪಿರಲಿಲ್ಲ, ಮತ್ತೆ ಮೊದಲಿನಿಂದ ಶುರು. ಹೆಂಡತಿ ಚೆನ್ನಾಗಿದ್ದಾಳೆ. ಮಗು ಗಾಜಿನ ಪೆಟ್ಟಿಗೆಯಲ್ಲಿ ಬಹಳ ದಿನ ಇದ್ದು ಮನೆಗೆ ಬಂತು. ನನ್ನ ಪ್ರಶ್ನೆ: ಮೊದಲ ಚೀಟಿಯನ್ನು ನಾವೇ ಇಟ್ಟುಕೊಳ್ಳುವ ಹಕ್ಕು ಇಲ್ಲವೇ?

ಹೆರಿಗೆ ವಾರ್ಡ್ ವೈದ್ಯೆ

ನಿಮ್ಮ ಹೆಂಡತಿ ಮಗು ಚೆನ್ನಾಗಿರುವುದು ದೊಡ್ಡ ಸಮಾಧಾನ. ಮುಂದೆ ಯಾರಿಗಾದರೂ ಹೀಗಾದರೆ ಚೀಟಿ ಕೊಡುವ ಮೊದಲು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಎರಡನೆಯ ಆಸ್ಪತ್ರೆಯವರು ಮುಂದಕ್ಕೆ ಕಳುಹಿಸುವಾಗ ಹಳೆಯ ಚೀಟಿಯನ್ನು ಹೊಸದರ ಜೊತೆ ಪಿನ್ ಮಾಡಿ ಕೊಡಬೇಕಾಗಿತ್ತು.

ನಿಮ್ಮ ಪ್ರಕರಣದಿಂದ ಸಿಸ್ಟರ್‌ಗಳಿಗೆ ಒಂದು ಮಾತು. ರಕ್ತಸ್ರಾವವಾಗುತ್ತಿರುವವಳ ಚೀಟಿಯಲ್ಲಿ “ಒಳಪರೀಕ್ಷೆ ಮಾಡಿಲ್ಲ” ಎಂಬ ಸಾಲು ಇರಲೇಬೇಕು, ಮತ್ತು ನಿಜಕ್ಕೂ ಮಾಡಿರಬಾರದು. ಮಾಸು ಕೆಳಗಿದ್ದರೆ ಬೆರಳು ತಾಗಿದರೂ ರಕ್ತ ನಿಲ್ಲಿಸಲಾರದಷ್ಟು ಹರಿದೀತು. ಬಿಪಿಯ ವಿಷಯ ಮುಗಿಯಲಿ, ಅದನ್ನು ಬೇರೆಯಾಗಿ ಚರ್ಚಿಸೋಣ.

ಪಿಎಚ್‌ಸಿ ಸ್ಟಾಫ್ ನರ್ಸ್

ಎಲ್ಲರೂ “ಹತ್ತಿರದ ಆಸ್ಪತ್ರೆ” ಎನ್ನುತ್ತಿದ್ದೀರಿ. ನಮ್ಮ ಕಡೆ ತಾಲ್ಲೂಕು ಆಸ್ಪತ್ರೆ 22 ಕಿಲೋಮೀಟರ್, ಜಿಲ್ಲಾ ಕೇಂದ್ರ 70ಕ್ಕೂ ಹೆಚ್ಚು. ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು ಒಬ್ಬರೇ. ಅವರು ರಜೆಯಲ್ಲಿದ್ದ ದಿನ ನಾವು ಕಳುಹಿಸಿದವರು ಅಲ್ಲಿ ಒಂದೂವರೆ ಗಂಟೆ ಇದ್ದು ಅಲ್ಲಿಂದ ಜಿಲ್ಲೆಗೆ ಹೋಗುತ್ತಾರೆ. 34 ವಾರ ತುಂಬದ ಮಗು ಹುಟ್ಟಿದರೆ ನವಜಾತ ಶಿಶು ಘಟಕ ಬೇಕು, ಅದು ಇರುವುದೂ ಜಿಲ್ಲೆಯಲ್ಲಿಯೇ. ಹಾಗಾದರೆ ನೇರವಾಗಿ ಜಿಲ್ಲೆಗೇ ಏಕೆ ಬರೆಯಬಾರದು? ನಾನು ಹಾಗೆಯೇ ಮಾಡುತ್ತೇನೆ.

ಹೆರಿಗೆ ವಾರ್ಡ್ ವೈದ್ಯೆ

ಇದಕ್ಕೆ ಎಲ್ಲ ಕಡೆಗೂ ಹೊಂದುವ ಉತ್ತರ ನನ್ನ ಬಳಿ ಇಲ್ಲ. ನಾನು ಹೀಗೆ ಯೋಚಿಸುತ್ತೇನೆ: 166/112 ಇದ್ದು, ತಲೆನೋವು, ಕಣ್ಣು ಮಂಜು ಇರುವವಳನ್ನು ಬಿಪಿ ಇಳಿಸದೆ 70 ಕಿಲೋಮೀಟರ್ ಕಳುಹಿಸಲು ನನಗೆ ಧೈರ್ಯವಿಲ್ಲ. ಈ ಕಾಯಿಲೆಯಲ್ಲಿ ತಾಯಂದಿರು ಸಾಯುವ ಒಂದು ಮುಖ್ಯ ಕಾರಣ ಮೆದುಳಿನಲ್ಲಿ ರಕ್ತಸ್ರಾವ. ಅದು ಫಿಟ್ಸ್‌ಗೆ ಕಾಯುವುದಿಲ್ಲ. ಮ್ಯಾಗ್‌ಸಲ್ಫ್ ಫಿಟ್ಸ್ ತಡೆಯುತ್ತದೆಯೇ ಹೊರತು ಬಿಪಿಯನ್ನು ಇಳಿಸುವ ಔಷಧವಲ್ಲ. ತಾಲ್ಲೂಕಿನಲ್ಲಿ ಲ್ಯಾಬೆಟಲಾಲ್ ಕೊಟ್ಟು, ಕ್ಯಾತಿಟರ್ ಹಾಕಿ, ಸ್ಥಿರಗೊಳಿಸಿ ಮುಂದೆ ಕಳುಹಿಸಿದರೆ ಆ ಒಂದೂವರೆ ಗಂಟೆ ವ್ಯರ್ಥವಾಗಲಿಲ್ಲ ಎನ್ನುತ್ತೇನೆ.

ಪಿಎಚ್‌ಸಿ ಸ್ಟಾಫ್ ನರ್ಸ್

ಆ ಒಂದೂವರೆ ಗಂಟೆಯಲ್ಲಿ ನಿಜವಾಗಿಯೂ ಅದೆಲ್ಲ ನಡೆದರೆ ಸರಿ ಮೇಡಂ. ನೀವು ಇರುವ ಆಸ್ಪತ್ರೆಯಲ್ಲಿ ನಡೆಯುತ್ತದೆ. ಹೆಸರು ಬರೆದುಕೊಂಡು, ಬಿಪಿ ನೋಡಿ, “ಮುಂದೆ ಹೋಗಿ” ಎನ್ನುವ ಕಡೆಗಳೂ ಇವೆ. ನಿಫೆಡಿಪಿನ್ ನಾನೂ ನನ್ನ ವೈದ್ಯಾಧಿಕಾರಿಗಳನ್ನು ಕೇಳಿ ಕೊಡಬಲ್ಲೆ, ಕ್ಯಾತಿಟರ್ ನಾನೂ ಹಾಕಬಲ್ಲೆ. ನನ್ನ ಅಭಿಪ್ರಾಯ ಬದಲಾಗಿಲ್ಲ.

108ರಲ್ಲಿ ಇರುವವನು

ಇಬ್ಬರ ನಡುವೆ ಮಧ್ಯಸ್ಥಿಕೆ ನನಗೆ ಬೇಡ. ಆದರೆ ಗಾಡಿ ಕರೆಯುವ ಹೊತ್ತಿನಲ್ಲಿಯೇ ತಾಲ್ಲೂಕಿನ ಹೆರಿಗೆ ವಾರ್ಡಿಗೂ ಒಂದು ಫೋನ್ ಮಾಡಿ “ಇಂದು ಅರಿವಳಿಕೆ ವೈದ್ಯರು ಇದ್ದಾರೆಯೇ, ರಕ್ತ ಇದೆಯೇ” ಎಂದು ಕೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉತ್ತರವನ್ನು ಚೀಟಿಯಲ್ಲಿ ಬರೆಯಿರಿ.

ನಿವೃತ್ತ ಆರೋಗ್ಯ ನಿರೀಕ್ಷಕ

ಫೋನ್ ಎತ್ತದಿದ್ದರೆ?

108ರಲ್ಲಿ ಇರುವವನು

ಎತ್ತಲಿಲ್ಲ ಎಂದೂ ಸಮಯದೊಂದಿಗೆ ಬರೆಯಿರಿ ಸರ್. ಅದಕ್ಕೂ ನೀವು ಹೇಳಿದ ನಕಲು ಬೇಕಾಗುತ್ತದೆ.

ಉಪಕೇಂದ್ರದ ಸಿಸ್ಟರ್

ಎಲ್ಲರ ಮಾತನ್ನೂ ಸೇರಿಸಿ ಮಾದರಿ ಚೀಟಿಯನ್ನು ಬರೆದಿದ್ದೇನೆ. ಹೆಸರು, ಊರು ತೆಗೆದಿದ್ದೇನೆ, ದಿನಾಂಕಗಳು ಪಾಠಕ್ಕಾಗಿ ಹಾಕಿದವು. ನೋಡಿ ಹೇಳಿ.

> ಇವರಿಗೆ: ಹೆರಿಗೆ ವಾರ್ಡ್, ತಾಲ್ಲೂಕು ಆಸ್ಪತ್ರೆ. ತುರ್ತು. ಸೆಪ್ಟೆಂಬರ್ 4, ಬೆಳಿಗ್ಗೆ 11.45.
>
> 22 ವರ್ಷ, ಚೊಚ್ಚಲ. ಕೊನೆಯ ಮುಟ್ಟು ಜನವರಿ 12, ನಿರೀಕ್ಷಿತ ಹೆರಿಗೆ ಅಕ್ಟೋಬರ್ 19. ಇಂದಿಗೆ 33 ವಾರ 4 ದಿನ.
>
> ಕಳುಹಿಸಲು ಕಾರಣ: ತೀವ್ರ ಬಿಪಿ, ಮೂತ್ರದಲ್ಲಿ ಪ್ರೋಟೀನ್, ಅಪಾಯದ ಚಿಹ್ನೆಗಳು.
>
> ಬಿಪಿ 10.40ಕ್ಕೆ 166/112, 10.55ಕ್ಕೆ 164/110. ಹಿಂದೆ: 12 ವಾರಕ್ಕೆ 110/70, 24 ವಾರಕ್ಕೆ 118/76, 30 ವಾರಕ್ಕೆ 136/88. ಮೂತ್ರ ಪ್ರೋಟೀನ್ ಮೂರು ಪ್ಲಸ್. ಹಿಮೋಗ್ಲೋಬಿನ್ 9.8. ರಕ್ತದ ಗುಂಪು ಬಿ ಪಾಸಿಟಿವ್ (ಕಾರ್ಡಿನಂತೆ).
>
> ನಿನ್ನೆ ರಾತ್ರಿಯಿಂದ ತಲೆನೋವು, ಬೆಳಿಗ್ಗೆಯಿಂದ ಕಣ್ಣು ಮಂಜು. ಮುಖ, ಬೆರಳು ಊತ. ಮೇಲುಹೊಟ್ಟೆ ನೋವಿಲ್ಲ. ಫಿಟ್ಸ್ ಬಂದಿಲ್ಲ. ರಕ್ತಸ್ರಾವ ಇಲ್ಲ. ಹೆರಿಗೆ ನೋವಿಲ್ಲ. ಮಗುವಿನ ಚಲನೆ ಇದೆ, ಎದೆಬಡಿತ 144.
>
> ಕೊಟ್ಟದ್ದು: ನಿಫೆಡಿಪಿನ್ 10 ಮಿ.ಗ್ರಾಂ ನುಂಗಲು, 11.10 (ವೈದ್ಯಾಧಿಕಾರಿಗಳ ಫೋನ್ ಸೂಚನೆಯಂತೆ). ಮ್ಯಾಗ್ನೀಸಿಯಂ ಸಲ್ಫೇಟ್ ಒಟ್ಟು 10 ಗ್ರಾಂ, ಎರಡೂ ಪಿರ್ರೆಗಳಿಗೆ 5 ಗ್ರಾಂನಂತೆ, 11.20. ಡೆಕ್ಸಾಮೆಥಾಸೋನ್ 6 ಮಿ.ಗ್ರಾಂ ಸ್ನಾಯುವಿಗೆ, 11.30. ರಕ್ತನಾಳಕ್ಕೆ ಏನೂ ಕೊಟ್ಟಿಲ್ಲ.
>
> ಹೊರಡುವಾಗ (11.40): ಬಿಪಿ 154/102, ಉಸಿರು ನಿಮಿಷಕ್ಕೆ 18, ಎಚ್ಚರವಾಗಿದ್ದಾಳೆ.
>
> 11.05ಕ್ಕೆ ವಾರ್ಡಿಗೆ ಫೋನ್ ಮಾಡಲಾಗಿದೆ, ಕರ್ತವ್ಯದ ಸ್ಟಾಫ್ ನರ್ಸ್ ಒಪ್ಪಿದ್ದಾರೆ. ಅರಿವಳಿಕೆ ವೈದ್ಯರು ಇದ್ದಾರೆ ಎಂದಿದ್ದಾರೆ. ಜೊತೆಗೆ: ಅತ್ತೆ, ಆಶಾ. ತಾಯಿ ಕಾರ್ಡ್ ಕಳುಹಿಸಿದೆ. ಸಹಿ, ಹೆಸರು, ಮೊಬೈಲ್.

ಮನೆಯವರಿಗೆ ಬೇರೆ ಹಾಳೆಯಲ್ಲಿ: “ತಾಯಿಗೂ ಮಗುವಿಗೂ ಅಪಾಯವಿದೆ, ಈಗಲೇ ಹೊರಡಬೇಕು. ದಾರಿಯಲ್ಲಿ ಮನೆಗೋ ಗುಡಿಗೋ ಇಳಿಯಬೇಡಿ. ಎಡ ಮಗ್ಗುಲಿಗೆ ಮಲಗಿಸಿ. ಫಿಟ್ಸ್ ಬಂದರೆ ಬಾಯಿಗೆ ಏನೂ ಹಾಕಬೇಡಿ. 108 ಗಾಡಿಗೂ ಸರ್ಕಾರಿ ಆಸ್ಪತ್ರೆಯ ಹೆರಿಗೆಗೂ ಹಣ ಕೊಡಬೇಕಾಗಿಲ್ಲ.”

ಹೆರಿಗೆ ವಾರ್ಡ್ ವೈದ್ಯೆ

ಈ ಚೀಟಿ ಬಂದರೆ ನಾನು ಮೊಣಕಾಲು, ಉಸಿರು, ಮೂತ್ರ ನೋಡಿಕೊಂಡು ಮುಂದಿನ 5 ಗ್ರಾಂ ಅನ್ನು 3.20ಕ್ಕೆ ಬರೆಯುತ್ತೇನೆ. ಉಸಿರು 16ಕ್ಕಿಂತ ಕಡಿಮೆ ಇದ್ದರೆ, ಮೂತ್ರ ಗಂಟೆಗೆ 30 ಎಂಎಲ್‌ಗಿಂತ ಕಡಿಮೆ ಇದ್ದರೆ, ಮೊಣಕಾಲು ಪ್ರತಿಕ್ರಿಯಿಸದಿದ್ದರೆ ಕೊಡುವುದಿಲ್ಲ, ಕ್ಯಾಲ್ಸಿಯಂ ಗ್ಲೂಕೋನೇಟ್ ಪಕ್ಕದಲ್ಲೇ ಇರುತ್ತದೆ. ಡೆಕ್ಸಾದ ಎರಡನೇ ಡೋಸ್ ರಾತ್ರಿ 11.30ಕ್ಕೆ. ನೀವು ಯಾರೆಂದು ಫೋನ್ ಮಾಡಿ ಕೇಳಬೇಕಾದ ಪ್ರಮೇಯವೇ ಇಲ್ಲ.

ಎರಡು ತಿದ್ದುಪಡಿ. “ಕೊಟ್ಟದ್ದು” ಎಂಬ ಭಾಗವನ್ನು ಕಾರಣದ ಕೆಳಗೇ ತನ್ನಿ, ಹಿಮೋಗ್ಲೋಬಿನ್‌ಗಿಂತ ಅದು ನನಗೆ ಮೊದಲು ಕಾಣಬೇಕು. ಮತ್ತೆ ಬಿಪಿ ನೋಡಿದ್ದು ಡಿಜಿಟಲ್ ಯಂತ್ರದಲ್ಲೋ ಕೈಯಲ್ಲೋ ಎಂದು ಬರೆಯಿರಿ. ಈ ಕಾಯಿಲೆಯಲ್ಲಿ ಕೆಲವು ಡಿಜಿಟಲ್ ಯಂತ್ರಗಳು ಇರುವುದಕ್ಕಿಂತ ಕಡಿಮೆ ತೋರಿಸುತ್ತವೆ.

ಪಿಎಚ್‌ಸಿ ಸ್ಟಾಫ್ ನರ್ಸ್

ಚೀಟಿ ಚೆನ್ನಾಗಿದೆ. ಆದರೆ ಇಷ್ಟನ್ನು ಬರೆಯುತ್ತಾ ಕುಳಿತರೆ ಗಾಡಿ ಕಾಯಬೇಕಾಗುತ್ತದೆ ಎಂದು ಹೊಸಬರು ಕೇಳುತ್ತಾರೆ, ಉತ್ತರ ಸಿದ್ಧ ಮಾಡಿಕೊಳ್ಳಿ. ಇನ್ನು ನಾವು ಚೀಟಿಯ ಫೋಟೊವನ್ನು ತಾಲ್ಲೂಕಿನ ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ, ಗಾಡಿ ತಲುಪುವ ಮೊದಲೇ ಅವರು ಓದಿರುತ್ತಾರೆ.

ಆಶಾ ಅಕ್ಕ

ಗಾಡಿ ಬರುವುದಕ್ಕೇ ನಮ್ಮಲ್ಲಿ ಅರ್ಧ ಗಂಟೆ ಬೇಕು ಸಿಸ್ಟರ್. ಸೂಜಿ ಹಾಕಿದ ಕೂಡಲೇ ಗಂಟೆ ಬರೆದುಕೊಂಡರೆ ಉಳಿದದ್ದು ಆ ಹೊತ್ತಿನಲ್ಲಿ ಆಗುತ್ತದೆ.

ಗುಂಪಿಗೆ ಹಾಕುವುದು ಮಾತ್ರ ಬೇಡ. ಗುಂಪಿನಲ್ಲಿ ಯಾರ್ಯಾರೋ ಇರುತ್ತಾರೆ. ನಮ್ಮೂರಿನ ಹುಡುಗಿಯ ತಾಯಿ ಕಾರ್ಡಿನ ಪುಟವೇ ಒಮ್ಮೆ ಸುತ್ತಾಡಿತು. ಅದರಲ್ಲಿ ಎಚ್‌ಐವಿ ಪರೀಕ್ಷೆಯ ಸಾಲೂ ಇರುತ್ತದೆ.

ಹೆರಿಗೆ ವಾರ್ಡ್ ವೈದ್ಯೆ

ಅಕ್ಕನ ಮಾತು ಸರಿ. ವಾರ್ಡಿನ ಒಂದು ಫೋನಿಗೆ ಮಾತ್ರ ಕಳುಹಿಸಿ, ಚೀಟಿಯನ್ನು ಮಾತ್ರ. ಫೋಟೊ ಬಂತೆಂದು ಕಾಗದ ಬಿಡಬೇಡಿ, ನಮ್ಮ ವಾರ್ಡಿನ ಮೂಲೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ.

ಪಿಎಚ್‌ಸಿ ಸ್ಟಾಫ್ ನರ್ಸ್

ವಾರ್ಡಿಗೆ ಎಂದು ಒಂದು ಫೋನ್ ಇರುವ ಆಸ್ಪತ್ರೆ ನಮ್ಮ ಕಡೆ ಇನ್ನೂ ಬಂದಿಲ್ಲ. ಇರುವುದು ಯಾರಾದರೊಬ್ಬರ ಸ್ವಂತ ಮೊಬೈಲ್. ಅವರು ಪಾಳಿ ಮುಗಿಸಿ ಮನೆಗೆ ಹೋದರೆ ಚೀಟಿಯೂ ಮನೆಗೆ. ಗುಂಪು ಬಿಟ್ಟರೆ ಬೇರೆ ದಾರಿ ಕಾಣುತ್ತಿಲ್ಲ.

ಉಪಕೇಂದ್ರದ ಸಿಸ್ಟರ್

ನನ್ನ ಕೊನೆಯ ಪ್ರಶ್ನೆ ಉಲ್ಟಾ ದಿಕ್ಕಿನದು. ನಾವು ಕಳುಹಿಸುತ್ತೇವೆ, ಆಮೇಲೆ ಏನಾಯಿತೆಂದು ಆಶಾ ಹೇಳಿದರೆ ಉಂಟು. ಹಿಂದಿರುಗಿ ಒಂದು ಚೀಟಿ ಬರುವುದಿಲ್ಲ. ಪುಸ್ತಕದ ಕೆಳಭಾಗದಲ್ಲಿ ಅದಕ್ಕೆ ಜಾಗ ಇದೆ, ಖಾಲಿಯೇ ಇರುತ್ತದೆ.

ಹೆರಿಗೆ ವಾರ್ಡ್ ವೈದ್ಯೆ

ನ್ಯಾಯವಾದ ದೂರು. ಅದರಲ್ಲೂ ಈ ಕಾಯಿಲೆಯಲ್ಲಿ ಹೆರಿಗೆಯಾದ ಮೇಲೂ ಫಿಟ್ಸ್ ಬರಬಹುದು, ಮೂರರಿಂದ ಆರನೇ ದಿನದಲ್ಲಿ ಬಿಪಿ ಮತ್ತೆ ಏರುವುದು ಸಾಮಾನ್ಯ. ಅಷ್ಟರಲ್ಲಿ ಅವಳು ಮನೆಗೆ ಬಂದಿರುತ್ತಾಳೆ. ಬಿಡುಗಡೆಯ ದಿನದ ಬಿಪಿ, ಯಾವ ಮಾತ್ರೆ, ಎಷ್ಟು ದಿನ, ಎಷ್ಟು ಏರಿದರೆ ಮತ್ತೆ ಕಳುಹಿಸಬೇಕು ಎಂಬ ನಾಲ್ಕು ಸಾಲು ನಿಮಗೆ ಬರಬೇಕು. ಬಿಡುಗಡೆ ಪತ್ರದಲ್ಲಿ ಇದೆಲ್ಲ ಇರುತ್ತದೆ, ಆದರೆ ಅದು ಬಾಣಂತಿಯ ಪೆಟ್ಟಿಗೆ ಸೇರುತ್ತದೆ. ನಮ್ಮಲ್ಲಿ ಹೆರಿಗೆಗಳ ಒತ್ತಡದಲ್ಲಿ ಇದನ್ನು ಬರೆಯುವವರು ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಆಶಾ ಅಕ್ಕ

ಅಲ್ಲಿಯವರೆಗೆ ಬಾಣಂತಿ ಮನೆಗೆ ಬಂದ ದಿನವೇ ನಾನು ಆ ಬಿಡುಗಡೆ ಪತ್ರ ಕೇಳಿ ಸಿಸ್ಟರ್‌ಗೆ ತೋರಿಸುತ್ತೇನೆ. ತವರಿಗೆ ಹೋದವರದ್ದು ಮಾತ್ರ ಸಿಗುವುದಿಲ್ಲ, ಅಲ್ಲಿನ ಆಶಾ ಯಾರೆಂದು ನನಗೂ ಗೊತ್ತಿರುವುದಿಲ್ಲ. ಅದಕ್ಕೆ ಯಾರಾದರೂ ಒಂದು ದಾರಿ ಮಾಡಿಕೊಂಡಿದ್ದರೆ ಹೇಳಿ.